ಜೇಡಿಮಣ್ಣು ಪೈಲನ್ನು ಎಷ್ಟು ಹಿಡಿಯುತ್ತದೆ?

ಲಂಡನ್ ನಗರದ ಅಡಿಯ ಜೇಡಿಮಣ್ಣಿನಲ್ಲಿ ಆಗಷ್ಟೇ ಕೊರೆದ ಗುಂಡಿಯ ಗೋಡೆ ಸಾಬೂನಿನ ಗಟ್ಟಿಯನ್ನು ಕೊಯ್ದ ಹಾಗೆ ನುಣುಪಾಗಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಉಗುರಿನ ಗುರುತು ಬೀಳುತ್ತದೆ, ಅಷ್ಟೇ. ಬೆರಳು ಒಳಗೆ ಹೋಗುವುದಿಲ್ಲ. ಅದೇ ಗುಂಡಿಯನ್ನು ಒಂದು ರಾತ್ರಿ ತೆರೆದಿಟ್ಟು ಬೆಳಿಗ್ಗೆ ಮುಟ್ಟಿ ನೋಡಿದರೆ ಗೋಡೆಯ ಮೈ ಮೆತ್ತಗಾಗಿ, ಜಿಗುಟಾಗಿ ಕೈಗೆ ಹತ್ತುತ್ತದೆ. ಒಂದೆರಡು ಇಂಚು ಕೆರೆದು ತೆಗೆದರೆ ಹಿಂದಿನ ದಿನದ ಗಟ್ಟಿಮಣ್ಣು ಮತ್ತೆ ಸಿಗುತ್ತದೆ. ಆ ಒಂದೆರಡು ಇಂಚಿನ ಮೆತ್ತನೆಯ ಪದರವೇ ಪೈಲಿನ ಮೇಲೆ ಎಷ್ಟು ಭಾರ ಹೇರಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಪೈಲ್ ಎಂದರೆ ಕಟ್ಟಡದ ಭಾರವನ್ನು ನೆಲದಾಳಕ್ಕೆ ದಾಟಿಸುವ ಕಾಂಕ್ರೀಟಿನ ಉದ್ದನೆಯ ಕಂಬ. ಇದನ್ನು ಮಾಡುವ ಬಗೆ ಎರಡು. ಮೊದಲೇ ತಯಾರಾದ ಕಂಬವನ್ನು ಸುತ್ತಿಗೆಯಿಂದ ನೆಲಕ್ಕೆ ಬಡಿದು ಇಳಿಸುವುದು ಒಂದು. ಆಗರ್ ಎಂಬ ಸುರುಳಿ ಕೊರೆಯಿಂದ ಗುಂಡಿ ತೋಡಿ, ಕಬ್ಬಿಣದ ಪಂಜರ ಇಳಿಸಿ, ಕಾಂಕ್ರೀಟು ತುಂಬಿಸುವುದು ಇನ್ನೊಂದು. ಎರಡನೆಯದನ್ನು ಇಂಜಿನಿಯರುಗಳು ಬೋರ್ಡ್ ಪೈಲ್ ಎನ್ನುತ್ತಾರೆ. ಬಡಿದು ಇಳಿಸುವ ಪೈಲಾದರೆ ಒಂದೊಂದು ಏಟಿಗೆ ಎಷ್ಟು ಇಳಿಯಿತು ಎಂದು ಅಳೆದು ನೆಲದ ಗಟ್ಟಿತನವನ್ನು ಅಂದಾಜು ಮಾಡಬಹುದು. ಕೊರೆದ ಪೈಲಿಗೆ ಆ ಅನುಕೂಲವಿಲ್ಲ. ಸುತ್ತಿಗೆಯೇ ಇಲ್ಲದ ಕಡೆ ಏಟಿನ ಲೆಕ್ಕ ಎಲ್ಲಿಂದ ಬರಬೇಕು? ಹಾಗಾಗಿ ಮಣ್ಣಿನ ಬಲವನ್ನು ಮೊದಲೇ ಪರೀಕ್ಷಿಸಿ, ಅದರಿಂದ ಪೈಲಿನ ಹೊರೆ ಎಷ್ಟೆಂದು ಕಾಗದದ ಮೇಲೆ ಲೆಕ್ಕ ಹಾಕಬೇಕಾಗುತ್ತದೆ. ಇದನ್ನೇ ಪೈಲಿನ ಸ್ಟ್ಯಾಟಿಕ್ ಸಾಮರ್ಥ್ಯ ಎನ್ನುತ್ತಾರೆ.

ಲೆಕ್ಕದ ತಿರುಳು ಸರಳ. ಪೈಲು ತನ್ನ ಭಾರವನ್ನು ಎರಡು ಕಡೆ ಇಳಿಸುತ್ತದೆ. ಒಂದು ಅದರ ಮೈ: ಸುತ್ತಲಿನ ಜೇಡಿಮಣ್ಣು ಮೈಯನ್ನು ಬಿಗಿಯಾಗಿ ಹಿಡಿದುಕೊಂಡು ಜಾರಲು ಬಿಡುವುದಿಲ್ಲ. ಇನ್ನೊಂದು ಅದರ ಬುಡ: ಕೆಳಗಿನ ಮಣ್ಣು ಬುಡಕ್ಕೆ ಆನಿಕೆಯಾಗಿ ನಿಲ್ಲುತ್ತದೆ. ಈ ಎರಡನ್ನೂ ಕೂಡಿಸಿದರೆ ಪೈಲಿನ ಕಡೆಯ ಸಾಮರ್ಥ್ಯ ಸಿಗುತ್ತದೆ. ಬರೆದರೆ ಇಷ್ಟೇ:

Qu = α × c × As + 9 × cb × Ab

ಇಲ್ಲಿ As ಎಂದರೆ ಪೈಲಿನ ಮೈಯ ವಿಸ್ತೀರ್ಣ, Ab ಎಂದರೆ ಬುಡದ ವಿಸ್ತೀರ್ಣ. c ಎಂಬುದು ಮೈಯ ಉದ್ದಕ್ಕೂ ಇರುವ ಜೇಡಿಮಣ್ಣಿನ ಸರಾಸರಿ ಬಲ, cb ಬುಡದ ಬಳಿಯ ಬಲ. ಬಲ ಎಂದಾಗ ಮಣ್ಣು ಕತ್ತರಿಸಿ ಜಾರದಂತೆ ತಡೆಯುವ ಶಕ್ತಿ, ಅದೂ ಒಳಗಿನ ನೀರು ಹೊರಹೋಗಲು ಸಮಯ ಸಿಗದಷ್ಟು ಬೇಗ ಭಾರ ಬಿದ್ದಾಗ ಇರುವ ಶಕ್ತಿ ಎಂದು ತಿಳಿಯಬೇಕು. ಗುಂಡಿಯಿಂದ ತೆಗೆದ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಅದುಮಿ ಇದನ್ನು ಅಳೆಯುತ್ತಾರೆ. ಉಳಿದದ್ದು ಎರಡು ಸಂಖ್ಯೆ: α ಮತ್ತು 9. ಎರಡರ ಹಿಂದೆಯೂ ಒಬ್ಬನೇ ಮನುಷ್ಯನ ಕೆಲಸವಿದೆ.

ಅಲೆಕ್ ಸ್ಕೆಂಪ್ಟನ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮಣ್ಣಿನ ಯಂತ್ರಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ. 1951ರಲ್ಲಿ ಅವರು ಜೇಡಿಮಣ್ಣು ಎಷ್ಟು ಭಾರ ಹೊರಬಲ್ಲದು ಎಂಬ ವಿಚಾರದ ಮೇಲೆ ಒಂದು ಪ್ರಬಂಧ ಮಂಡಿಸಿದರು. 1959ರಲ್ಲಿ ಲಂಡನ್ ಜೇಡಿಯಲ್ಲಿ ಕೊರೆದು ಹಾಕಿದ ಪೈಲುಗಳ ಬಗ್ಗೆಯೇ ಇನ್ನೊಂದನ್ನು ಪ್ರಕಟಿಸಿದರು. ಮೊದಲನೆಯದರಿಂದ 9 ಬಂತು, ಎರಡನೆಯದರಿಂದ ಲಂಡನ್ ಜೇಡಿಗೆ ಒಪ್ಪುವ ಆಲ್ಫಾ ಬಂತು. ಆರು ದಶಕ ಕಳೆದರೂ ಲೆಕ್ಕದ ಹಾಳೆಗಳಲ್ಲಿ ಇವೆರಡು ಹಾಗೆಯೇ ಉಳಿದಿವೆ.

ಮೊದಲು 9ರ ವಿಚಾರ. ನೆಲದ ಮೇಲೆಯೇ ಒಂದು ದುಂಡನೆಯ ಕಲ್ಲಿಟ್ಟು ಭಾರ ಹೇರುತ್ತಾ ಹೋದರೆ, ಕೆಳಗಿನ ಜೇಡಿಮಣ್ಣು ತಡೆಯಲಾರದ ಹಂತಕ್ಕೆ ಬಂದಾಗ ಪಕ್ಕಕ್ಕೆ ಸರಿದು ಕಲ್ಲಿನ ಸುತ್ತ ಉಬ್ಬಿಕೊಳ್ಳುತ್ತದೆ. ಮೊಸರನ್ನದ ಮೇಲೆ ಲೋಟ ಒತ್ತಿದರೆ ಅಂಚಿನಲ್ಲಿ ಅನ್ನ ಮೇಲೇಳುವ ಹಾಗೆ. ಅಲ್ಲಿ ಮಣ್ಣು ತಡೆಯುವ ಒತ್ತಡ ತನ್ನ ಬಲದ ಸುಮಾರು 6 ಪಟ್ಟು. ಅದೇ ಕಲ್ಲು ಹತ್ತು ಹದಿನೈದು ಮೀಟರ್ ಆಳದಲ್ಲಿದ್ದರೆ ಮಣ್ಣಿಗೆ ಮೇಲೆ ಉಬ್ಬಲು ಜಾಗವಿಲ್ಲ. ಸುತ್ತಲೂ ಮಣ್ಣೇ, ಮೇಲೂ ಮಣ್ಣೇ. ಬುಡದ ಕೆಳಗಿನ ಮಣ್ಣು ಸುತ್ತಲಿನ ಮಣ್ಣನ್ನು ಅದುಮಿಕೊಂಡೇ ಜಾಗ ಮಾಡಿಕೊಳ್ಳಬೇಕು. ಇದಕ್ಕೆ ಹೆಚ್ಚು ಒತ್ತಡ ಬೇಕು. ಆಳ ಹೆಚ್ಚಿದಂತೆ ಈ ಪಟ್ಟು ಏರುತ್ತಾ ಹೋಗಿ, ಬುಡದ ಅಗಲದ ನಾಲ್ಕೈದು ಪಟ್ಟು ಆಳ ದಾಟಿದ ಮೇಲೆ 9ರಲ್ಲಿ ನಿಂತುಬಿಡುತ್ತದೆ. ಮತ್ತೆ ಎಷ್ಟು ಆಳಕ್ಕೆ ಹೋದರೂ 9ಕ್ಕಿಂತ ಹೆಚ್ಚಾಗುವುದಿಲ್ಲ. ಜೇಡಿಮಣ್ಣಿನ ಪದರದೊಳಗೆ ಅಷ್ಟು ಆಳ ಇಳಿಯದ ಗಿಡ್ಡ ಪೈಲಿಗೆ 9 ಹಾಕಿದರೆ ಲೆಕ್ಕ ತಪ್ಪಾಗುತ್ತದೆ.

ಈಗ ಆಲ್ಫಾ. ಅಡ್ಹೀಶನ್ ಫ್ಯಾಕ್ಟರ್ ಎಂದು ಕರೆಯುವ ಇದು ಒಂದು ಭಿನ್ನರಾಶಿ: ಜೇಡಿಮಣ್ಣಿನ ಮೂಲ ಬಲದಲ್ಲಿ ಎಷ್ಟು ಪಾಲು ಪೈಲಿನ ಮೈಗೆ ನಿಜವಾಗಿ ಸಿಗುತ್ತದೆ ಎಂದು ಅದು ಹೇಳುತ್ತದೆ. ಮಣ್ಣಿನ ಬಲವೆಲ್ಲವೂ ಸಿಕ್ಕರೆ 1. ಅರ್ಧ ಸಿಕ್ಕರೆ 0.5. ಸ್ಕೆಂಪ್ಟನ್ ಲಂಡನ್ನಿನ ಸುತ್ತಮುತ್ತ ಹತ್ತರಷ್ಟು ಜಾಗಗಳಲ್ಲಿ ಪೈಲುಗಳ ಮೇಲೆ ಭಾರ ಹೇರಿ ಮಾಡಿದ ಪರೀಕ್ಷೆಗಳನ್ನು ಒಟ್ಟುಗೂಡಿಸಿದರು. ಬುಡ ಹೊತ್ತ ಪಾಲನ್ನು 9ರ ಲೆಕ್ಕದಿಂದ ಕಳೆದು, ಉಳಿದದ್ದನ್ನು ಮೈಯ ವಿಸ್ತೀರ್ಣದಿಂದ ಭಾಗಿಸಿದಾಗ ಆಲ್ಫಾ 0.3ರಿಂದ 0.6ರವರೆಗೆ ಬಂತು. ಸರಾಸರಿ 0.45. ಅಂದರೆ ಪ್ರಯೋಗಶಾಲೆ ಹೇಳಿದ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪೈಲಿನ ಮೈಯನ್ನು ತಲುಪಲೇ ಇಲ್ಲ.

ಎಲ್ಲಿ ಹೋಯಿತು ಆ ಬಲ? ಉತ್ತರ ಮೊದಲು ಹೇಳಿದ ಮೆತ್ತನೆಯ ಪದರದಲ್ಲಿದೆ. ಲಂಡನ್ ಜೇಡಿ ಐದು ಕೋಟಿ ವರ್ಷಕ್ಕೂ ಹಿಂದೆ ಸಮುದ್ರತಳದಲ್ಲಿ ಕೂತ ಮಣ್ಣು. ಅದರ ಮೇಲೆ ಮತ್ತೂ ದಪ್ಪನೆಯ ಪದರಗಳು ಕೂತು ಅದುಮಿ, ಕಾಲಾಂತರದಲ್ಲಿ ಕೊಚ್ಚಿಹೋದವು. ಹಾಗೆ ಅದುಮಿಸಿಕೊಂಡು ಬಿಡುಗಡೆಯಾದ ಮಣ್ಣು ಗಟ್ಟಿಯಾಗಿದೆ, ಜೊತೆಗೆ ಅದರ ತುಂಬ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿವೆ. ಅದರಲ್ಲಿ ಗುಂಡಿ ಕೊರೆದ ಕ್ಷಣದಲ್ಲಿ ಗೋಡೆಗೆ ಇದ್ದ ಒತ್ತಡ ಕಳಚಿಕೊಳ್ಳುತ್ತದೆ. ಮಣ್ಣು ಗುಂಡಿಯ ಕಡೆಗೆ ತುಸು ಹಿಗ್ಗುತ್ತದೆ, ಬಿರುಕುಗಳು ಬಾಯಿ ಬಿಡುತ್ತವೆ, ಹಿಗ್ಗಿದ ಮಣ್ಣು ಸುತ್ತಲಿನ ನೀರನ್ನು ಹೀರಿಕೊಳ್ಳುತ್ತದೆ. ಆಮೇಲೆ ಹಸಿ ಕಾಂಕ್ರೀಟು ಬೀಳುತ್ತದೆ. ಅದರಲ್ಲಿರುವ ಹೆಚ್ಚಿನ ನೀರಲ್ಲೂ ಒಂದಿಷ್ಟು ಗೋಡೆಯ ಪಾಲಾಗುತ್ತದೆ. ಆಗರ್ ತಿರುಗುವಾಗ ಗೋಡೆಯ ಮೈಯನ್ನು ಕಲಸಿ ಸವರಿರುವುದೂ ಉಂಟು.

ಮೇಯರ್‌ಹಾಫ್ ಮತ್ತು ಮರ್ಡೋಕ್ ಎಂಬಿಬ್ಬರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು. ಲಂಡನ್ ಜೇಡಿಯಲ್ಲಿ ಹಾಕಿದ ಪೈಲಿನ ಪಕ್ಕದ ಮಣ್ಣನ್ನು ತೆಗೆದು ಅದರಲ್ಲಿ ನೀರೆಷ್ಟಿದೆ ಎಂದು ಅಳೆದಾಗ, ಕಾಂಕ್ರೀಟಿಗೆ ತಾಗಿದ ಮಣ್ಣಿನಲ್ಲಿ ನೀರಿನ ಅಂಶ ಸುಮಾರು 4 ಶೇಕಡಾ ಅಂಶಗಳಷ್ಟು ಏರಿತ್ತು. ಮೂರು ಇಂಚು ದೂರ ಹೋಗುವಷ್ಟರಲ್ಲಿ ಮಣ್ಣು ಮೊದಲಿನ ಹಾಗೆಯೇ ಇತ್ತು. ನಾಲ್ಕು ಶೇಕಡಾ ಎಂದರೆ ಕೇಳಲು ಅಲ್ಪ. ಚಪಾತಿ ಹಿಟ್ಟಿಗೆ ಎರಡು ಚಮಚ ನೀರು ಹೆಚ್ಚಾದಾಗ ಏನಾಗುತ್ತದೆ ಎಂದು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಗಟ್ಟಿ ಜೇಡಿಮಣ್ಣಿನ ಬಲ ನೀರಿನ ಇಂಥ ಸಣ್ಣ ಏರಿಕೆಗೇ ಅರ್ಧಕ್ಕೆ ಇಳಿಯುತ್ತದೆ.

ಹಾಗಾಗಿ ಆಲ್ಫಾ ಎಂಬುದು ಮಣ್ಣಿಗಷ್ಟೇ ಸೇರಿದ ಗುಣವಲ್ಲ. ಗುಂಡಿಯನ್ನು ಹೇಗೆ ತೋಡಿದರು, ಎಷ್ಟು ಹೊತ್ತು ತೆರೆದಿಟ್ಟರು, ಒಳಗೆ ನೀರು ಬಂತೇ ಎಂಬ ಕೆಲಸದ ಗುಣವೂ ಅದರಲ್ಲಿ ಸೇರಿಕೊಂಡಿದೆ. ಸ್ಕೆಂಪ್ಟನ್ ಪಟ್ಟಿಯಲ್ಲಿ ಒಂದೇ ಜೇಡಿಮಣ್ಣಿಗೆ ಒಂದು ಕಡೆ 0.3, ಇನ್ನೊಂದು ಕಡೆ 0.6 ಬರಲು ಇದೇ ದೊಡ್ಡ ಕಾರಣ.

ಒಂದು ಪೈಲನ್ನು ಹಿಡಿದು ಪೂರ್ತಿ ಲೆಕ್ಕ ಮಾಡಿ ನೋಡೋಣ. ಲಂಡನ್ ಜೇಡಿಯಂಥ ನೆಲ. ಮೇಲಿನ 2 ಮೀಟರ್ ಹಳೆಯ ಕಟ್ಟಡಗಳ ಇಟ್ಟಿಗೆ ಚೂರು, ತುಂಬಿದ ಮಣ್ಣು; ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿಂದ ಕೆಳಗೆ ಜೇಡಿಮಣ್ಣು, ಆಳಕ್ಕೆ ಹೋದಂತೆ ಗಟ್ಟಿ. 2 ಮೀಟರ್ ಆಳದಲ್ಲಿ ಅದರ ಬಲ ಚದರ ಮೀಟರಿಗೆ 6 ಟನ್, 17 ಮೀಟರ್ ಆಳದಲ್ಲಿ 18 ಟನ್. ನಡುವಿನ ಸರಾಸರಿ 12 ಟನ್. ಪೈಲಿನ ಅಡ್ಡಳತೆ 600 ಮಿಲಿಮೀಟರ್, ಬುಡ 17 ಮೀಟರ್ ಆಳದಲ್ಲಿ. ಜೇಡಿಮಣ್ಣು ಹಿಡಿಯುವ ಉದ್ದ 15 ಮೀಟರ್.

ಮೈಯ ವಿಸ್ತೀರ್ಣಕ್ಕೆ ಸುತ್ತಳತೆಯನ್ನು ಉದ್ದದಿಂದ ಗುಣಿಸಬೇಕು: 3.14 × 0.6 × 15, ಅಂದರೆ 28.3 ಚದರ ಮೀಟರ್. ಒಂದೊಂದು ಚದರ ಮೀಟರಿಗೆ ಸಿಗುವ ಹಿಡಿತ 0.45 × 12, ಅಂದರೆ 5.4 ಟನ್. ಎರಡನ್ನೂ ಗುಣಿಸಿದರೆ ಮೈಯ ಪಾಲು 153 ಟನ್. ಬುಡದ ವಿಸ್ತೀರ್ಣ 0.283 ಚದರ ಮೀಟರ್. ಅಲ್ಲಿನ ಒತ್ತಡ 9 × 18, ಅಂದರೆ 162 ಟನ್. ಗುಣಿಸಿದರೆ ಬುಡದ ಪಾಲು 46 ಟನ್. ಒಟ್ಟು 199 ಟನ್. ಪೈಲಿನ ಸ್ವಂತ ಭಾರವನ್ನು ಕಳೆಯಬೇಡವೇ ಎಂದು ಯಾರಾದರೂ ಕೇಳಬಹುದು. ತೋಡಿ ಹೊರಹಾಕಿದ ಮಣ್ಣಿನ ಭಾರವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಎರಡೂ ವಜಾ ಆಗುತ್ತವೆ; ಉಳಿಯುವ ವ್ಯತ್ಯಾಸ ಎರಡು ಟನ್ನಿನಷ್ಟು.

ಇದು ಪೈಲು ಸೋಲುವ ಭಾರ. ಕಟ್ಟಡ ಇದರ ಮೇಲೆ ಇಡಬಹುದಾದ ಭಾರ ಬೇರೆ. ನಮ್ಮ ದೇಶದ ಐ.ಎಸ್. 2911 ಸಂಹಿತೆ ಕೂಡ ಜೇಡಿಮಣ್ಣಿಗೆ ಇದೇ ಸೂತ್ರವನ್ನೇ ಕೊಡುತ್ತದೆ, 9 ಕೂಡ ಹಾಗೆಯೇ ಇದೆ. ಇಂಥ ಲೆಕ್ಕದಿಂದ ಬಂದ ಮೊತ್ತವನ್ನು ಕನಿಷ್ಠ 2.5ರಿಂದ ಭಾಗಿಸಬೇಕು ಎನ್ನುತ್ತದೆ ಅದು. 199ನ್ನು 2.5ರಿಂದ ಭಾಗಿಸಿದರೆ ಸುಮಾರು 80 ಟನ್. ಇದು ಸುರಕ್ಷಿತ ಭಾರ.

ಈ ಪೈಲಿನಲ್ಲಿ ಗಮನಿಸಬೇಕಾದದ್ದು ಮೈ ಮತ್ತು ಬುಡದ ಪಾಲು. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮೈಯದ್ದೇ. ಸಾಲದ್ದಕ್ಕೆ ಎರಡೂ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಮೈಯ ಹಿಡಿತ ಪೂರ್ತಿಯಾಗಿ ಎಚ್ಚೆತ್ತುಕೊಳ್ಳಲು ಪೈಲು ಮೂರರಿಂದ ಆರು ಮಿಲಿಮೀಟರ್ ಕುಸಿದರೆ ಸಾಕು. ಬುಡದ ಪೂರ್ಣ ಬಲ ಹೊರಬರಬೇಕಾದರೆ ಬುಡದ ಅಗಲದ ಹತ್ತನೇ ಒಂದು ಪಾಲು, ಅಂದರೆ 60 ಮಿಲಿಮೀಟರ್ ಕುಸಿಯಬೇಕು. 80 ಟನ್ ಹೊತ್ತು ನಿಂತ ಈ ಪೈಲಿನಲ್ಲಿ ಹೆಚ್ಚುಕಡಿಮೆ ಎಲ್ಲ ಭಾರವನ್ನೂ ಮೈಯೇ ಹಿಡಿದಿರುತ್ತದೆ. ಬುಡ ಬರೀ ಕಾವಲಿಗೆ ನಿಂತ ಹಾಗೆ.

ಇಲ್ಲಿ ಯಾರಾದರೂ ಆಲ್ಫಾವನ್ನು ಮರೆತು, ಜೇಡಿಮಣ್ಣಿನ ಬಲವೆಲ್ಲ ಪೈಲಿಗೆ ಸಿಗುತ್ತದೆಂದು ಭಾವಿಸಿದರೆ ಏನಾಗುತ್ತದೆ? ಮೈಯ ಪಾಲು 340 ಟನ್ನಿಗೆ ಏರುತ್ತದೆ, ಬುಡ ಸೇರಿ 386, ಅದನ್ನು 2.5ರಿಂದ ಭಾಗಿಸಿದರೆ 154 ಟನ್. ಹಾಳೆಯ ಮೇಲೆ ಎಲ್ಲ ಕ್ರಮಬದ್ಧವಾಗಿದೆ, ಸಂಹಿತೆ ಹೇಳಿದ ಸುರಕ್ಷತೆಯೂ ಇದೆ. ನೆಲದಲ್ಲಿ ಮಾತ್ರ ಮೈ ಹಿಡಿಯಬಲ್ಲದ್ದು 153 ಟನ್. ಅಂದರೆ ಕಟ್ಟಡದ ಭಾರ ಬಿದ್ದ ದಿನವೇ ಮೈಯ ಹಿಡಿತ ಪೂರ್ತಿ ಖರ್ಚಾಗಿ, ಪೈಲು ಬುಡವನ್ನು ಹುಡುಕಿಕೊಂಡು ಇಳಿಯತೊಡಗುತ್ತದೆ. 2.5 ಎಂದು ನಂಬಿದ ಸುರಕ್ಷತೆ ನಿಜದಲ್ಲಿ 1.3ಕ್ಕೂ ಕಡಿಮೆ.

ಸರಿಯಾದ ಆಲ್ಫಾ ಹಾಕಿದ ಲೆಕ್ಕಕ್ಕೂ ಅನಿಶ್ಚಿತತೆ ತಪ್ಪಿದ್ದಲ್ಲ. 0.45 ಸರಾಸರಿ ಮಾತ್ರ. ಕೆಲಸ ಕೆಟ್ಟು 0.3 ಆದರೆ ನಮ್ಮ ಪೈಲಿನ ಸಾಮರ್ಥ್ಯ 148 ಟನ್ನಿಗೆ ಇಳಿಯುತ್ತದೆ. 80 ಟನ್ನಿಗೆ ಹೋಲಿಸಿದರೆ ಸುರಕ್ಷತೆ 1.85. ಕೆಲಸ ಚೊಕ್ಕವಾಗಿ 0.6 ಬಂದರೆ 250 ಟನ್, ಸುರಕ್ಷತೆ 3.1. ಎರಡೂವರೆ ಎಂಬ ಅಂಕೆಯನ್ನು ದುಂದು ಎಂದು ಕಡಿಮೆ ಮಾಡಲು ಒತ್ತಾಯಿಸುವವರು ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಆ ಅಂಕೆ ದುಂದಲ್ಲ. ಕೆಟ್ಟ ಕೆಲಸದ ದಿನ ಕಟ್ಟಡವನ್ನು ಕಾಯುವುದು ಅದೇ.

ಬುಡವನ್ನು ಗಂಟೆಯ ಆಕಾರಕ್ಕೆ ಅಗಲ ಮಾಡಿದ ಪೈಲುಗಳಲ್ಲಿ ಚಿತ್ರ ಬದಲಾಗುತ್ತದೆ. ಇದೇ ಪೈಲಿನ ಬುಡವನ್ನು 1.8 ಮೀಟರಿಗೆ ಹಿಗ್ಗಿಸಿದರೆ ವಿಸ್ತೀರ್ಣ ಒಂಬತ್ತು ಪಟ್ಟಾಗಿ, ಸೂತ್ರದ ಪ್ರಕಾರ ಬುಡದ ಪಾಲು 412 ಟನ್ ಆಗುತ್ತದೆ. ನೋಡಲು ದೊಡ್ಡ ಲಾಭ. ಆದರೆ ಎರಡು ಕಡೆ ಕೈ ಬಿಗಿ ಹಿಡಿಯಬೇಕು. ಲಂಡನ್ ಜೇಡಿಯ ಬಿರುಕುಗಳು ಬೊಗಸೆಯಷ್ಟು ಚಿಕ್ಕ ಮಾದರಿಯಲ್ಲಿ ಸಿಕ್ಕಿಬೀಳುವುದಿಲ್ಲ. ಎರಡು ಬಿರುಕುಗಳ ನಡುವಿನ ಗಟ್ಟಿ ತುಂಡೇ ಪ್ರಯೋಗಶಾಲೆಗೆ ಬಂದಿರುತ್ತದೆ. ಅಗಲವಾದ ಬುಡ ಮಾತ್ರ ಎಷ್ಟೋ ಬಿರುಕುಗಳ ಮೇಲೆ ಕೂರುತ್ತದೆ. ಅದಕ್ಕೆ ದೊಡ್ಡ ಬುಡಗಳಿಗೆ ಮಾದರಿಯ ಬಲದಲ್ಲಿ ಸುಮಾರು ಮುಕ್ಕಾಲು ಪಾಲನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 412 ಟನ್ 309 ಆಗುತ್ತದೆ. ಬುಡ ಅಗಲ ಮಾಡಲು ಹೆಚ್ಚು ಸಮಯ ಹಿಡಿಯುವುದರಿಂದ ಗುಂಡಿ ಇನ್ನೂ ಹೊತ್ತು ತೆರೆದಿರುತ್ತದೆ, ಗೋಡೆ ಇನ್ನಷ್ಟು ಮೆತ್ತಗಾಗುತ್ತದೆ. ಇಂಥ ಪೈಲುಗಳಿಗೆ ಆಲ್ಫಾವನ್ನೂ 0.3ಕ್ಕೆ ಇಳಿಸುವುದು ರೂಢಿ.

ಇನ್ನೊಂದು ತೊಡಕು ಕುಸಿತದ್ದು. 1.8 ಮೀಟರ್ ಬುಡದ ಹತ್ತನೇ ಒಂದು ಪಾಲು 180 ಮಿಲಿಮೀಟರ್. ಒಂದು ಗೇಣಿಗೆ ಹತ್ತಿರ. ಅಷ್ಟು ಕುಸಿತವನ್ನು ಯಾವ ಕಟ್ಟಡವೂ ತಾಳುವುದಿಲ್ಲ. ವಿಟಕರ್ ಮತ್ತು ಕುಕ್ 1960ರ ದಶಕದಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ದೊಡ್ಡ ಪೈಲುಗಳ ಮೇಲೆ ಪರೀಕ್ಷೆ ನಡೆಸಿ, ಮೈ ಹೊತ್ತದ್ದೆಷ್ಟು, ಬುಡ ಹೊತ್ತದ್ದೆಷ್ಟು ಎಂದು ಬೇರೆ ಬೇರೆಯಾಗಿ ಅಳೆದರು. ಮೈ ಬೇಗ ಎಚ್ಚರಗೊಳ್ಳುತ್ತದೆ, ಬುಡ ನಿಧಾನ ಎಂಬುದು ಅಲ್ಲಿ ಸ್ಪಷ್ಟವಾಯಿತು. ದೊಡ್ಡ ಬುಡದ ಪೈಲುಗಳಿಗೆ ಮೈಗೊಂದು, ಬುಡಕ್ಕೊಂದು ಸುರಕ್ಷತೆಯ ಅಂಕೆ ಹಾಕುವ ಕ್ರಮಕ್ಕೆ ಇದೇ ಆಧಾರ. ಬುಡದ ಪಾಲನ್ನು 3ರಿಂದ ಭಾಗಿಸುತ್ತಾರೆ.

ಬುಡದಲ್ಲಿ ಉಳಿದುಬಿಡುವ ಕೆಸರಿನ ವಿಷಯವೂ ಇದರೊಂದಿಗೆ ಸೇರಿದೆ. ಆಗರ್ ಮೇಲೆತ್ತುವಾಗ ಉದುರಿದ ಮಣ್ಣಿನ ಉಂಡೆಗಳು, ಗೋಡೆಯಿಂದ ಒಸರಿದ ನೀರು ಸೇರಿ ಗುಂಡಿಯ ತಳದಲ್ಲಿ ನಾಲ್ಕಾರು ಇಂಚು ಕೆಸರು ನಿಲ್ಲುತ್ತದೆ. ಅದರ ಮೇಲೆಯೇ ಕಾಂಕ್ರೀಟು ಬಿದ್ದರೆ ಬುಡ ಕೂರುವುದು ಗಟ್ಟಿಮಣ್ಣಿನ ಮೇಲಲ್ಲ, ಮೆತ್ತೆಯ ಮೇಲೆ. ನಮ್ಮ 600 ಮಿಲಿಮೀಟರಿನ ಪೈಲಿಗೆ ಇದರಿಂದ 46 ಟನ್ ನಷ್ಟವಾದರೂ ಮೈಯೊಂದೇ 153 ಟನ್ ಹಿಡಿದು 80 ಟನ್ನಿನ ಕಟ್ಟಡವನ್ನು ಕಾಪಾಡುತ್ತದೆ. ಬುಡವನ್ನೇ ನಂಬಿದ ಗಂಟೆ ಆಕಾರದ ಪೈಲಿಗೆ ಅದೇ ಕೆಸರು ಮಾರಕ. ಪತ್ತೆ ಹಚ್ಚುವ ಉಪಾಯ ಸುಲಭವಾಗಿದೆ: ಕೊರೆತ ಮುಗಿದ ಕೂಡಲೇ ತೂಕ ಕಟ್ಟಿದ ಟೇಪನ್ನು ಇಳಿಸಿ ಆಳ ಅಳೆಯಬೇಕು, ಕಾಂಕ್ರೀಟು ಹಾಕುವ ಮುನ್ನ ಮತ್ತೊಮ್ಮೆ ಅಳೆಯಬೇಕು. ಮೊದಲು 17 ಮೀಟರ್ ಇದ್ದದ್ದು ಎರಡನೇ ಸಲ 16.8 ಬಂದರೆ ತಳದಲ್ಲಿ ಒಂದು ಗೇಣು ಕೆಸರಿದೆ ಎಂದರ್ಥ. ಟೇಪಿನ ತೂಕ ತಳ ಮುಟ್ಟಿದಾಗ ಠಣ್ಣನೆ ನಿಲ್ಲುತ್ತದೆಯೋ, ಮೆತ್ತಗೆ ಹೂತುಕೊಳ್ಳುತ್ತದೆಯೋ ಎಂಬುದೂ ಪಳಗಿದ ಕೈಗೆ ಗೊತ್ತಾಗುತ್ತದೆ.

ಲಂಡನ್ನಿನ ಅಂಕೆಗಳನ್ನು ಕರ್ನಾಟಕಕ್ಕೆ ಹಾಗೆಯೇ ಹೊತ್ತು ತರುವುದು ಸಾಧ್ಯವಿಲ್ಲ. ಬೆಂಗಳೂರಿನ ದೊಡ್ಡ ಕಟ್ಟಡಗಳ ಪೈಲುಗಳು ಬಹುಪಾಲು ಕೆಳಗಿನ ಬಂಡೆಯ ಮೇಲೆ, ಇಲ್ಲವೇ ಬಂಡೆಯೊಳಗೆ ಒಂದಿಷ್ಟು ಕೊರೆದು ನಿಲ್ಲಿಸಿದವು. ಅಲ್ಲಿ ಲೆಕ್ಕವೇ ಬೇರೆ. ಕರಾವಳಿಯ ಅಳಿವೆಗಳ ಬಳಿಯ ಮೆತ್ತನೆಯ ಜೇಡಿಯಲ್ಲಿ ಆಲ್ಫಾ 1ರ ಸಮೀಪಕ್ಕೆ ಹೋಗುತ್ತದೆ, ಏಕೆಂದರೆ ಮೊದಲೇ ಮೆತ್ತಗಿರುವ ಮಣ್ಣು ಇನ್ನಷ್ಟು ಮೆತ್ತಗಾಗಿ ಕಳೆದುಕೊಳ್ಳುವುದು ಕಡಿಮೆ. ಆದರೆ ಅದರ ಮೂಲ ಬಲವೇ ಅಲ್ಪ. ಅಂಥ ಕಡೆ ಗದ್ದೆಗೆ ಮಣ್ಣು ತುಂಬಿ ಎತ್ತರಿಸಿ ಕಟ್ಟಿದರೆ, ಹೊಸ ಮಣ್ಣಿನ ಭಾರಕ್ಕೆ ಕೆಳಗಿನ ಜೇಡಿ ವರ್ಷಗಟ್ಟಲೆ ಕುಸಿಯುತ್ತಾ ಪೈಲಿನ ಮೈಯನ್ನು ತನ್ನ ಜೊತೆ ಕೆಳಕ್ಕೆ ಎಳೆಯುತ್ತದೆ. ಹಿಡಿದುಕೊಳ್ಳಬೇಕಾದ ಮಣ್ಣೇ ಹೊರೆಯಾಗುತ್ತದೆ.

ಧಾರವಾಡ, ಗದಗ, ವಿಜಯಪುರ, ರಾಯಚೂರುಗಳ ಎರೆಮಣ್ಣಿನ ಕಥೆ ಲಂಡನ್ ಜೇಡಿಗೆ ಸ್ವಲ್ಪ ಹತ್ತಿರ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಮೇಲಿನ ಪದರ ಒಣಗಿ ಕುಗ್ಗಿದಾಗ ಪೈಲಿನ ಮೈಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಸಂದಿನಲ್ಲಿ ಹಿಡಿತವೆಲ್ಲಿ? ಅದಕ್ಕಾಗಿಯೇ ಮೇಲಿನ ಒಂದೆರಡು ಮೀಟರನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಉಬ್ಬಿದಾಗ ಅದೇ ಮಣ್ಣು ಪೈಲನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗೆಂದೇ ರೂಢಿಗೆ ತಂದ, ಬುಡ ಹಿಗ್ಗಿಸಿದ ಗಿಡ್ಡ ಪೈಲುಗಳು ಈ ತೊಂದರೆಗೆ ಉತ್ತರವಾಗಿ ಬಂದವು. ಏರಿಳಿತ ಮುಟ್ಟದ ಆಳದಲ್ಲಿ ಬುಡ ಗೂಟದಂತೆ ಕಚ್ಚಿಕೊಳ್ಳುತ್ತದೆ. ಕೈಯಿಂದಲೇ ತಿರುಗಿಸುವ ಆಗರ್ ಮತ್ತು ಬುಡ ಹಿಗ್ಗಿಸುವ ಸಲಕರಣೆಯಿಂದ ಹಳ್ಳಿಯ ಮನೆಗೂ ಇವನ್ನು ಹಾಕಬಹುದು.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೂ ಅಂತಿಮ ತೀರ್ಪು ಕೊಡುವುದು ಭಾರದ ಪರೀಕ್ಷೆ. ಪೈಲಿನ ತಲೆಯ ಮೇಲೆ ಕಾಂಕ್ರೀಟು ದಿಮ್ಮಿಗಳನ್ನೋ ಮರಳಿನ ಚೀಲಗಳನ್ನೋ ಪೇರಿಸಿದ ಅಟ್ಟ ಕಟ್ಟಿ, ಅದಕ್ಕೂ ಪೈಲಿಗೂ ನಡುವೆ ಹೈಡ್ರಾಲಿಕ್ ಜಾಕ್ ಇಟ್ಟು ಹಂತ ಹಂತವಾಗಿ ಒತ್ತುತ್ತಾರೆ. ಒಂದೊಂದು ಹಂತಕ್ಕೂ ಕುಸಿತವನ್ನು ಡಯಲ್ ಗೇಜಿನಲ್ಲಿ ಓದಿ ಬರೆದುಕೊಳ್ಳುತ್ತಾರೆ. ಕುಸಿತ 12 ಮಿಲಿಮೀಟರ್ ಆದಾಗ ಇದ್ದ ಭಾರದ ಮೂರನೇ ಎರಡು ಪಾಲು ಒಂದು ಅಂಕೆ. ಕುಸಿತ ಪೈಲಿನ ಅಡ್ಡಳತೆಯ ಹತ್ತನೇ ಒಂದು ಪಾಲಾದಾಗ ಇದ್ದ ಭಾರದ ಅರ್ಧ ಇನ್ನೊಂದು. ಐ.ಎಸ್. 2911ರ ಪ್ರಕಾರ ಎರಡರಲ್ಲಿ ಕಡಿಮೆಯಾದದ್ದೇ ಸುರಕ್ಷಿತ ಭಾರ. ನಮ್ಮ ಪೈಲು ಲೆಕ್ಕದಂತೆಯೇ ನಡೆದುಕೊಂಡರೆ ಆರು ಮಿಲಿಮೀಟರಿನವರೆಗೆ ಮೈಯೇ ಹೊತ್ತು, ಗೇಜಿನ ಮುಳ್ಳು ನಿಧಾನವಾಗಿ ಸರಿಯುತ್ತದೆ. 150 ಟನ್ ದಾಟಿದ ಮೇಲೆ ಅದೇ ಹಂತದ ಭಾರಕ್ಕೆ ಮುಳ್ಳು ಉದ್ದುದ್ದ ಹೆಜ್ಜೆ ಹಾಕತೊಡಗುತ್ತದೆ. ಆ ತಿರುವು 150ರ ಬದಲು 100 ಟನ್ನಿನಲ್ಲೇ ಕಂಡರೆ ಮೈಯ ಹಿಡಿತ ಲೆಕ್ಕಕ್ಕಿಂತ ಕಡಿಮೆಯಿದೆ, ಆಲ್ಫಾ 0.3ರ ಆಸುಪಾಸಿನಲ್ಲಿದೆ ಎಂದು ತಿಳಿಯಬೇಕು.

ಆದರೆ ಪರೀಕ್ಷೆ ನಡೆಯುವುದು ನೂರಾರು ಪೈಲುಗಳಲ್ಲಿ ಒಂದೆರಡರ ಮೇಲೆ. ಪರೀಕ್ಷೆಯ ಪೈಲನ್ನು ಎಲ್ಲರೂ ಎಚ್ಚರದಿಂದ ಹಾಕುತ್ತಾರೆ. ಸಂಜೆ ಆರಕ್ಕೆ ಕೊರೆತ ಮುಗಿದು, ಕಾಂಕ್ರೀಟು ಲಾರಿ ಬಾರದೆ ಮರುದಿನ ಬೆಳಿಗ್ಗೆವರೆಗೆ ಕಾದ ಗುಂಡಿಯ ಮೇಲೆ ಯಾವ ಜಾಕೂ ಕೂರುವುದಿಲ್ಲ. ಕೊರೆದ ದಿನವೇ ಕಾಂಕ್ರೀಟು ತುಂಬಬೇಕು ಎಂಬ ನಿಯಮ ಇರುವುದು ಇದಕ್ಕೇ. ತಪ್ಪಿದ ಗುಂಡಿಯನ್ನು ಮತ್ತೆ ಆಗರ್ ಇಳಿಸಿ, ಗೋಡೆಯ ಮೆತ್ತನೆಯ ಮೈ ಕೆರೆದು, ತುಸು ಆಳ ಮಾಡಿ, ಆಮೇಲೆ ತುಂಬಬೇಕು.

ಜೇಡಿಮಣ್ಣಿನಲ್ಲಿ ಪೈಲು ಹಾಕುವ ಪ್ರತಿಯೊಂದು ಸೈಟಿನಲ್ಲೂ ಪೈಲ್ ರಿಜಿಸ್ಟರ್ ಇರುತ್ತದೆ. ಅದರಲ್ಲಿ ಆಳ, ಅಡ್ಡಳತೆ, ಕಾಂಕ್ರೀಟಿನ ಮೂಟೆಗಳ ಲೆಕ್ಕ ತಪ್ಪದೆ ಬರೆಯುತ್ತಾರೆ. ಕೊರೆತ ಮುಗಿದ ಗಂಟೆ, ಕಾಂಕ್ರೀಟು ಬಿದ್ದ ಗಂಟೆ, ಎರಡನೇ ಸಲ ಟೇಪು ಇಳಿಸಿ ಅಳೆದ ಆಳ, ಈ ಮೂರನ್ನೂ ಪ್ರತಿ ಪೈಲಿಗೂ ಬರೆದಿಡಿ. ಕಟ್ಟಿಸುವವರೂ ಹಣ ಕೊಡುವ ಮುನ್ನ ಆ ಮೂರು ಅಂಕಣಗಳನ್ನು ತೆರೆಸಿ ನೋಡಿ.